ಅರ್ಧ ಲೀಟರ್ ಹಾಲಿಗಾಗಿ ದಿನವೂ ಬೀದಿಗೆ ಇಳಿಯುತ್ತೇನೆ

ಯಜಮಾನರು ತೀರಿಕೊಂಡ ಮೇಲೆ ಮೈಸೂರಿನ ಸರಸ್ವತೀಪುರಂನ ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಪುಣೆಯಲ್ಲಿರುವ ಮಗ ನನಗೆ ಯಾವ ತೊಂದರೆಯೂ ಆಗಬಾರದೆಂದು ಎಲ್ಲ ಏರ್ಪಾಡು ಮಾಡಿದ. ಹಾಲು ಬಾಗಿಲಿಗೇ ಬರುತ್ತಿತ್ತು, ದಿನಸಿ ತಿಂಗಳಿಗೊಮ್ಮೆ, ತರಕಾರಿ ವಾರಕ್ಕೊಮ್ಮೆ. ಎಲ್ಲವೂ ಮೊಬೈಲಿನಲ್ಲೇ. ಆದರೆ ರಾತ್ರಿ ಅವನು ಫೋನ್ ಮಾಡಿದಾಗ ನನ್ನ ದನಿ ಒಡೆಯುತ್ತಿತ್ತು. ಶೀತವೇ ಎಂದು ಕೇಳುತ್ತಿದ್ದ. ಶೀತವಲ್ಲ, ಅದು ಎಷ್ಟೋ ಸಲ ಆ ದಿನ ನಾನಾಡುವ ಮೊದಲ ಮಾತಾಗಿರುತ್ತಿತ್ತು.

ನಾನು ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆಯ ಕೌಂಟರಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಪಾಸ್‌ಬುಕ್ಕಿಗೆ ಬಡ್ಡಿ ಬರೆಸುವ ನೆಪ ಮಾಡಿಕೊಂಡು ಎರಡು ಮಾತಾಡಲು ಬರುವ ಹಿರಿಯರನ್ನು ಕೌಂಟರಿನ ಒಳಗಿನಿಂದ ನೋಡಿದ್ದೇನೆ. ಯಾರು ಬಂದರೆ ನಮಗೆ ಸಂತೋಷವಾಗುತ್ತಿತ್ತು, ಯಾರು ಬಂದರೆ ತಲೆ ತಗ್ಗಿಸಿ ಲೆಡ್ಜರ್ ತಿರುವುತ್ತಿದ್ದೆವು ಎಂಬುದು ಚೆನ್ನಾಗಿ ನೆನಪಿದೆ. ಸಾಲಿಲ್ಲದ ಹೊತ್ತಿಗೆ ಬಂದು, ಒಂದು ವಿಷಯ ಹೇಳಿ, ಒಂದು ವಿಷಯ ಕೇಳಿ ಹೊರಡುವವರನ್ನು ನಾವೇ ಎದುರು ನೋಡುತ್ತಿದ್ದೆವು. ಈಗ ನಾನು ಕೌಂಟರಿನ ಹೊರಗೆ ನಿಲ್ಲುವ ಸರದಿ ಬಂದಾಗ ಆ ನೆನಪೇ ದಾರಿ ತೋರಿಸಿತು.

ಮೊದಲು ಮಾಡಿದ ಕೆಲಸವೆಂದರೆ ಮನೆಗೆ ಬರುವ ಹಾಲನ್ನು ನಿಲ್ಲಿಸಿದ್ದು. ಈಗ ನಂದಿನಿ ಬೂತಿಗೆ ನಾನೇ ಹೋಗಿ ಅರ್ಧ ಲೀಟರಿನ ಒಂದು ಪ್ಯಾಕೆಟ್ ತರುತ್ತೇನೆ. ಒಂದು ಲೀಟರ್ ತಂದರೆ ಮರುದಿನ ಹೋಗುವ ಕಾರಣವೇ ತಪ್ಪಿಹೋಗುತ್ತದೆ. ಆರೂವರೆಯಿಂದ ಏಳೂವರೆಯವರೆಗೆ ಅಲ್ಲಿ ಶಾಲೆಗೆ, ಕೆಲಸಕ್ಕೆ ಹೊರಡುವವರ ನೂಕುನುಗ್ಗಲು. ಎಂಟರ ಸುಮಾರಿಗೆ ಹೋದರೆ ಬೂತಿನವರು ಖಾಲಿ ಕ್ರೇಟುಗಳನ್ನು ಜೋಡಿಸುತ್ತಿರುತ್ತಾರೆ. "ತಿಂಡಿ ಆಯಿತೇ ಅಮ್ಮ?" ಎಂದು ಅವರು ಕೇಳುವುದು ಆ ಹೊತ್ತಿನಲ್ಲಿ ಮಾತ್ರ. ಅಲ್ಲಿಂದ ಹೂವಿನವಳ ಬಳಿ ದೇವರಿಗೆ ಒಂದು ಮೊಳ ಮಲ್ಲಿಗೆ, ಎರಡು ದಿನಕ್ಕೊಮ್ಮೆ ಸೊಪ್ಪಿನ ಗಾಡಿಯಲ್ಲಿ ಒಂದು ಕಟ್ಟು ದಂಟು ಅಥವಾ ಮೆಂತ್ಯ, ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ದಿನಸಿ ಅಂಗಡಿಯಲ್ಲಿ ಕಾಲು ಕಿಲೋ ಬೇಳೆಯೋ ಸಾಸಿವೆಯೋ. ತಿಂಗಳ ಸಾಮಾನನ್ನು ಬೇಕೆಂದೇ ಹೀಗೆ ಒಡೆದಿದ್ದೇನೆ. ಸ್ವಲ್ಪ ದುಬಾರಿಯಾಗುತ್ತದೆ, ಆಗಲಿ.

ಅದೇ ಹೊತ್ತು, ಅದೇ ಅಂಗಡಿ ಎಂಬುದನ್ನು ನಾನು ಬಿಡುವುದಿಲ್ಲ. ಹತ್ತು ಅಂಗಡಿಗೆ ಒಮ್ಮೊಮ್ಮೆ ಹೋದರೆ ಎಲ್ಲಿಯೂ ನಮ್ಮ ಮುಖ ಗುರುತಾಗುವುದಿಲ್ಲ. ಮೊದಲ ವಾರಗಳಲ್ಲಿ ನಗು ಮಾತ್ರ. ಆಮೇಲೆ ಹೆಸರು ಕೇಳಿಕೊಂಡೆ. ನಂತರ ನಿನ್ನೆಯ ಮಾತಿಗೆ ಇಂದಿನ ಮಾತನ್ನು ಕೂಡಿಸುವ ಅಭ್ಯಾಸ ಮಾಡಿಕೊಂಡೆ. ಹೂವಿನವಳ ಮಗಳಿಗೆ ಗಣಿತದ ಪರೀಕ್ಷೆ ಎಂದು ತಿಳಿದಿದ್ದರೆ ಮರುದಿನ "ಹೇಗೆ ಬರೆದಳಂತೆ?" ಎಂದು ಕೇಳುತ್ತೇನೆ. ಪರಿಚಯ ಗಟ್ಟಿಯಾಗುವುದು ಈ ಎರಡನೆಯ ಪ್ರಶ್ನೆಯಿಂದ. ಒಂದು ದಿನ ಅವಳಾಗಿಯೇ "ನಿಮ್ಮ ಮಗ ಬರುತ್ತೇನೆ ಅಂದಿದ್ದರಲ್ಲ, ಬಂದರೇ?" ಎಂದಾಗ ನನ್ನ ಮಾತೂ ಅವಳ ಮನಸ್ಸಿನಲ್ಲಿ ಉಳಿದಿದೆ ಎಂದು ತಿಳಿಯಿತು. ನನ್ನ ಮಂಡಿನೋವು, ಸಕ್ಕರೆ, ಮಾತ್ರೆಗಳ ವಿಷಯವನ್ನು ಮಾತ್ರ ಅಂಗಡಿಗಳಲ್ಲಿ ಎತ್ತುವುದಿಲ್ಲ. ವ್ಯಾಪಾರ ಬಿಟ್ಟು ಕದಲಲಾಗದವರಿಗೆ ಅದನ್ನು ಕೇಳಿಸಿಕೊಳ್ಳದೆ ಬೇರೆ ದಾರಿ ಇರುವುದಿಲ್ಲ. ಇನ್ನೊಬ್ಬ ಗಿರಾಕಿ ಬಂದ ಕೂಡಲೇ ಹೊರಡುತ್ತೇನೆ.

ನಮ್ಮ ವಯಸ್ಸಿನವರು ಕಿವಿಯ ಕಡೆಗೂ ಗಮನ ಕೊಡಬೇಕು. ವಯಸ್ಸಾದಂತೆ ಮೊದಲು ಕಡಿಮೆಯಾಗುವುದು ಕೀಚಲು ಸ್ವರಗಳನ್ನು ಕೇಳುವ ಶಕ್ತಿ. ಸ, ಶ, ತ ಮುಂತಾದ ಅಕ್ಷರಗಳು ವಾಹನಗಳ ಸದ್ದಿನಲ್ಲಿ ಕರಗಿಹೋಗುತ್ತವೆ. ಮಾತು ನಡೆದಿದೆ ಎಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಎದುರು ಮನೆಯವರು ಗೇಟಿನಿಂದ ಮಾತಾಡಿಸಿದ್ದು ನನಗೆ ಕೇಳಿಸಿರಲಿಲ್ಲ, ಅವರು ನನಗೆ ಬಿಗುಮಾನ ಎಂದುಕೊಂಡಿದ್ದರು. ಇದು ಗೊತ್ತಾದ ಮೇಲೆ ಕಿವಿಯ ಪರೀಕ್ಷೆ ಮಾಡಿಸಿ ಶ್ರವಣ ಸಾಧನ ಹಾಕಿಕೊಂಡೆ. ಅಂಗಡಿಯಲ್ಲಿ ರಸ್ತೆಗೆ ಬೆನ್ನು ಮಾಡಿ, ಅಂಗಡಿಯವರ ಮುಖದ ಮೇಲೆ ಬೆಳಕು ಬೀಳುವಂತೆ ನಿಲ್ಲುತ್ತೇನೆ. ತುಟಿ ಕಂಡರೆ ಅರ್ಧ ಮಾತು ಕೇಳಿಸಿದಂತೆಯೇ. ಎದುರು ಮನೆಯವರಿಗೆ ನಾನೇ ಹೋಗಿ "ಬಲಗಿವಿ ಮಂದ, ಕೈ ಎತ್ತಿಬಿಡಿ" ಎಂದೆ. ಈಗ ಅವರ ಮೊಮ್ಮಗನೂ ಕೈ ಎತ್ತುತ್ತಾನೆ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವ ನಮ್ಮ ಗುಂಪು ಸಣ್ಣದು. ಯಾರನ್ನೂ ಕಾಯುವುದಿಲ್ಲ, ಆದರೆ ನಡಿಗೆಯ ವೇಗ ಮಾತ್ರ ಎಲ್ಲರಿಗಿಂತ ನಿಧಾನವಾಗಿ ನಡೆಯುವವರದು. ಅಕ್ಕಪಕ್ಕ ನಡೆಯುವಾಗ ಮುಖ ನೋಡುವ ಒತ್ತಡವಿರುವುದಿಲ್ಲವಾದ್ದರಿಂದ ಮೌನವೂ ಮುಜುಗರವಲ್ಲ. ಕೆರೆಯಲ್ಲಿ ಹೆಜ್ಜಾರ್ಲೆ ಇಳಿದ ದಿನ ಎಲ್ಲರೂ ನಿಂತು ನೋಡುತ್ತೇವೆ, ಅಂದು ಬೇರೆ ಮಾತೇ ಬೇಡ.

ಕಳೆದ ಮಳೆಗಾಲದಲ್ಲಿ ಜ್ವರ ಬಂದು ಹಾಸಿಗೆ ಹಿಡಿದೆ. ಎರಡನೆಯ ದಿನ ಬೆಳಿಗ್ಗೆ ಹಾಲಿನ ಬೂತಿನವರು ಫೋನ್ ಮಾಡಿದರು. ಮೊದಲೇ ಅವರಿಗೂ ಎದುರು ಮನೆಯವರಿಗೂ ನನ್ನ ಮತ್ತು ಮಗನ ನಂಬರನ್ನು ಬರೆದುಕೊಟ್ಟು, ಎರಡು ದಿನ ಕಾಣದಿದ್ದರೆ ವಿಚಾರಿಸಿ ಎಂದು ಬಾಯಿಬಿಟ್ಟು ಹೇಳಿದ್ದೆ. ಹೇಳದಿದ್ದರೆ ನಾನು ಮಗನ ಮನೆಗೆ ಹೋಗಿರಬೇಕೆಂದು ಅವರು ಸುಮ್ಮನಾಗುತ್ತಿದ್ದರು. ಊರಿಗೆ ಹೋಗುವಾಗಲೂ ಅಷ್ಟೇ ನಿಯತ್ತಿನಿಂದ ಹೇಳಿ ಹೋಗುತ್ತೇನೆ. ನಂಬರು ಕೊಟ್ಟಿದ್ದು ಈ ಎರಡು ಕಡೆ ಮಾತ್ರ. ಬೀಗದ ಕೈ ಎದುರು ಮನೆಯಲ್ಲಿದೆ. ಬ್ಯಾಂಕು, ಪಿಂಚಣಿ, ಒಡವೆಯ ಮಾತು ಯಾರೊಂದಿಗೂ ಇಲ್ಲ. ಆತ್ಮೀಯವಾಗಿ ಮಾತಾಡುವ ಹೊಸಬರು ಅದನ್ನೇ ಕೇಳತೊಡಗಿದರೆ ಮಾತು ನಿಲ್ಲಿಸುತ್ತೇನೆ.

ಇಂಥ ಪರಿಚಯಗಳ ಬಗ್ಗೆ ಸಂಶೋಧನೆಯೂ ನಡೆದಿದೆ. ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಎಂಬ ಮನೋವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಫಿ ಅಂಗಡಿಗೆ ಬಂದ ಕೆಲವರಿಗೆ ಕಾಫಿ ಕೊಡುವವರೊಂದಿಗೆ ನಕ್ಕು ಎರಡು ಮಾತಾಡುವಂತೆಯೂ, ಉಳಿದವರಿಗೆ ಬೇಗ ಕೊಂಡು ಹೊರಡುವಂತೆಯೂ ಹೇಳಿದ್ದರು. ಮಾತಾಡಿದವರು ಹೆಚ್ಚು ಉಲ್ಲಾಸದಿಂದಿದ್ದರು, ತಾವೂ ಈ ಜನರ ನಡುವಿನವರು ಎಂಬ ಭಾವ ಅವರಲ್ಲಿ ಹೆಚ್ಚಾಗಿತ್ತು. ಅದು ವೃದ್ಧರನ್ನೇ ಕುರಿತ ಅಧ್ಯಯನವಲ್ಲ. ನನ್ನ ಬೀದಿಯಲ್ಲಿ ನನಗಾದದ್ದು ಮಾತ್ರ ಅದೇ.

ಇದರಿಂದ ಆಗದ ಕೆಲಸವೂ ಇದೆ. ರಾಬರ್ಟ್ ವೈಸ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿಯೇ ಒಂಟಿತನವನ್ನು ಎರಡಾಗಿ ಬಿಡಿಸಿ ನೋಡಿದರು. ಸುತ್ತ ತನ್ನವರೆನ್ನುವ ಬಳಗವಿಲ್ಲದ ಒಂಟಿತನ ಒಂದು, ಮನಸ್ಸಿಗೆ ಅತಿ ಹತ್ತಿರದ ಒಬ್ಬರು ಇಲ್ಲದ ಒಂಟಿತನ ಇನ್ನೊಂದು. ಹಾಲಿನವರು, ಹೂವಿನವಳು, ನಡಿಗೆಯ ಗೆಳತಿಯರು ಮೊದಲನೆಯದನ್ನು ನೀಗಿಸಿದ್ದಾರೆ. ಸಂಜೆ ದೀಪ ಹಚ್ಚಿದ ಮೇಲೆ ಯಜಮಾನರು ಕೂರುತ್ತಿದ್ದ ಕುರ್ಚಿಯನ್ನು ಕಂಡಾಗ ಆಗುವ ಸಂಕಟಕ್ಕೆ ಅವರಲ್ಲಿ ಔಷಧಿ ಇಲ್ಲ, ಅವರಿಂದ ನಾನದನ್ನು ನಿರೀಕ್ಷಿಸುವುದೂ ಇಲ್ಲ. ಆ ಹೊತ್ತಿಗೆ ಹಾಸನದಲ್ಲಿರುವ ತಂಗಿಗೆ ಫೋನ್ ಮಾಡಿ ಯಜಮಾನರ ವಿಷಯವನ್ನೇ ಮಾತಾಡುತ್ತೇನೆ. ಅವಳೂ ಭಾವನನ್ನು ಬಲ್ಲವಳು.