ಬಂದವರಿಗಿಂತ ಬಾರದವರನ್ನು ನೆನಪಿಡಿ: ರೀಯೂನಿಯನ್ ಪ್ರಶ್ನೆಗೆ ತಯಾರಾಗುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಮಂಗಳೂರಿನಲ್ಲಿ ನಡೆದ ಒಂದು ಕ್ವಿಜ್‌ನಲ್ಲಿ ನಮ್ಮ ತಂಡಕ್ಕೆ ಒಂದೇ ಅಂಕದಿಂದ ಫೈನಲ್ ತಪ್ಪಿತು. ಪ್ರಶ್ನೆ ಇಷ್ಟೇ: ‘ಡಾಕ್ಟರ್ ಹೂ’ ಎಂಬ ಟಿವಿ ಧಾರಾವಾಹಿಯ ‘ದಿ ಫೈವ್ ಡಾಕ್ಟರ್ಸ್’ ಸಂಚಿಕೆಗಾಗಿ ಹೊಸದಾಗಿ ನಟಿಸಿದ ಮೂಲ ಡಾಕ್ಟರ್‌ಗಳು ಎಷ್ಟು ಮಂದಿ? ಹೆಸರಲ್ಲೇ ಐದು ಇದೆ ಅಲ್ವಾ! ನಾನು ಯೋಚಿಸದೆ 5 ಎಂದು ಬರೆದು ಚೀಟಿ ಕೊಟ್ಟುಬಿಟ್ಟೆ. ಉತ್ತರ 3. ‘ಪ್ರಶ್ನೆ ಪೂರ್ತಿ ಓದ್ಲಿಕ್ಕೇನಾಗಿತ್ತು ಮಾರಾಯ?’ ಎಂದು ಗೆಳೆಯ ಗೋಳಿಬಜೆ ಮುಗಿಯುವ ತನಕ ಬೈದ.

ಅಲ್ಲಿಂದ ಈ ಬಗೆಯ, ಅಂದರೆ ಹಳೆಯ ಧಾರಾವಾಹಿಯ ನಟರು ಮತ್ತೆ ಒಟ್ಟು ಸೇರುವ ರೀಯೂನಿಯನ್ ಸಂಚಿಕೆಗಳ ಪ್ರಶ್ನೆಗೆ ಒಂದು ಕ್ರಮ ಇಟ್ಟುಕೊಂಡಿದ್ದೇನೆ.

ಮೊದಲು, ಅದು ಯಾವ ಜಾತಿಯ ಕಾರ್ಯಕ್ರಮ ಎಂದು ನೋಡಿ. ಕೆಲವದರಲ್ಲಿ ನಟರು ಮತ್ತೆ ವೇಷ ಕಟ್ಟಿ ಹೊಸ ಕಥೆ ಆಡುತ್ತಾರೆ. ಕೆಲವದರಲ್ಲಿ ವೇಷ ಇಲ್ಲ, ಯಕ್ಷಗಾನದ ಚೌಕಿಯಲ್ಲಿ ಕೂತು ಹರಟಿದ ಹಾಗೆ ತಾವು ತಾವಾಗಿಯೇ ಮಾತಾಡುತ್ತಾರೆ. ಅಮೆರಿಕದ ಹಾಸ್ಯ ಧಾರಾವಾಹಿ ‘ಫ್ರೆಂಡ್ಸ್’ನ ನಟರು ಸೇರಿದ 2021ರ ‘ಫ್ರೆಂಡ್ಸ್: ದಿ ರೀಯೂನಿಯನ್’ ಎರಡನೇ ಬಗೆಯದು. ಮುಖ್ಯ ನಟರು ಆರೂ ಮಂದಿ ಹಳೆಯ ಸೆಟ್ಟಿಗೆ ಬಂದರು, ಆದರೆ ಕಥೆ ಮುಂದುವರಿಯಲಿಲ್ಲ. ‘ರಾಸ್, ರೇಚಲ್ ಈಗ ಎಲ್ಲಿದ್ದಾರೆ’ ಎಂಬ ಪ್ರಶ್ನೆಗೆ ಅಲ್ಲಿ ಹೊಸ ಕಥೆಯ ಉತ್ತರ ಸಿಗುವುದಿಲ್ಲ.

ಎರಡನೆಯದು ತಾರೀಖು. ಸುಮ್ನೆ ಒಂದಲ್ಲ, ಎರಡು: ಧಾರಾವಾಹಿಯದ್ದು ಮತ್ತು ವಿಶೇಷ ಸಂಚಿಕೆಯದ್ದು. ‘ಫ್ರೆಂಡ್ಸ್’ ಶುರುವಾಗಿದ್ದು 1994ರಲ್ಲಿ, ಮುಗಿದದ್ದು 2004ರ ಮೇ 6ಕ್ಕೆ. ರೀಯೂನಿಯನ್ ಬಂದದ್ದು 2021ರ ಮೇ 27ಕ್ಕೆ. ಹದಿನೇಳು ವರ್ಷ, ಯಾವ ಹಬ್ಬದ ಲೆಕ್ಕಕ್ಕೂ ಸಿಗದ ಸಂಖ್ಯೆ. ಮತ್ತೆ ಯಾಕೆ ಆಗ? ಎಚ್‌ಬಿಒ ಮ್ಯಾಕ್ಸ್ ಎಂಬ ಹೊಸ ಸ್ಟ್ರೀಮಿಂಗ್ ಸೇವೆ 2020ರ ಮೇ 27ಕ್ಕೆ ಶುರುವಾಗಿತ್ತು. ಹೊಸ ಅಂಗಡಿ ತೆರೆದಾಗ ಬಾಗಿಲಲ್ಲೇ ಜನ ಸೇರಬೇಕಲ್ಲ, ಆ ದಿನಕ್ಕೇ ಇದನ್ನು ಇಟ್ಟುಕೊಂಡಿದ್ದರು. ಕೊರೊನಾ ಬಂದು ಶೂಟಿಂಗ್ ನಿಂತಿತು, ಸರಿಯಾಗಿ ಒಂದು ವರ್ಷ ತಡವಾಯಿತು. ಹಳಬರನ್ನು ಕರೆಯುವವರಿಗೆ ಇಂಥದ್ದೊಂದು ಕಾರಣ ಇರುತ್ತದೆ. ಬರುವವರಿಗೂ ಕಷ್ಟ ಕಡಿಮೆ: ಮತ್ತೆ ವರ್ಷಗಟ್ಟಲೆ ಕಟ್ಟುಬೀಳಬೇಕಾಗಿಲ್ಲ, ಕೆಲವು ದಿನದ ಕೆಲಸ.

ಮೂರನೆಯದು ನನ್ನನ್ನು ಕೆಡವಿದ್ದು: ಯಾರು ಬರಲಿಲ್ಲ, ಆ ಜಾಗ ಹೇಗೆ ತುಂಬಿದರು?

‘ಡಾಕ್ಟರ್ ಹೂ’ ಬ್ರಿಟನ್ನಿನ ಬಿಬಿಸಿಯಲ್ಲಿ 1963ರ ನವೆಂಬರ್ 23ಕ್ಕೆ ಶುರುವಾಯಿತು. ಇದರಲ್ಲಿ ‘ಡಾಕ್ಟರ್’ ಎಂಬ ನಾಯಕ ಸಾಯುವ ಸ್ಥಿತಿಗೆ ಬಂದಾಗ ಬೇರೆ ದೇಹ ತಾಳುತ್ತಾನೆ, ಅಂದರೆ ನಟ ಬದಲಾಗುತ್ತಾನೆ. ಇಪ್ಪತ್ತು ವರ್ಷ ತುಂಬಿದಾಗ, 1983ರಲ್ಲಿ, ಅಲ್ಲಿವರೆಗಿನ ಐವರನ್ನೂ ಒಂದೇ ಕಥೆಗೆ ತರುವ ಯೋಚನೆ ಮಾಡಿದರು. ನಮ್ಮ ಕಡೆಯ ಯಕ್ಷಗಾನದ ಕೂಡಾಟದ ಹಾಗೆ ಅನ್ನಿ. ಪೀಟರ್ ಡೇವಿಸನ್ ಆಗಿನ ಡಾಕ್ಟರ್. ಎರಡನೇ ಡಾಕ್ಟರ್ ಪ್ಯಾಟ್ರಿಕ್ ಟ್ರೌಟನ್, ಮೂರನೇ ಡಾಕ್ಟರ್ ಜಾನ್ ಪರ್ಟ್ವೀ ಒಪ್ಪಿ ಬಂದರು. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ 1975ರಲ್ಲೇ ತೀರಿಕೊಂಡಿದ್ದರು. ಅವರ ಪಾತ್ರಕ್ಕೆ ರಿಚರ್ಡ್ ಹರ್ಂಡಾಲ್ ಎಂಬ ನಟನನ್ನು ಹಾಕಿದರು, ಆರಂಭದಲ್ಲಿ ಹಾರ್ಟ್‌ನೆಲ್ ಅವರದೇ ಹಳೆಯ ತುಣುಕೊಂದನ್ನು ತೋರಿಸಿದರು.

ನಾಲ್ಕನೇ ಡಾಕ್ಟರ್ ಟಾಮ್ ಬೇಕರ್ ಬರಲೇ ಇಲ್ಲ. ಪಾತ್ರ ಬಿಟ್ಟು ಎರಡೇ ವರ್ಷ ಆಗಿತ್ತು, ಇಷ್ಟು ಬೇಗ ಬೇಡ ಎಂದರು. ಅವರು 1979ರಲ್ಲಿ ನಟಿಸಿದ್ದ ‘ಶಾಡಾ’ ಎಂಬ ಕಥೆ ಮುಷ್ಕರದಿಂದ ಅರ್ಧಕ್ಕೇ ನಿಂತಿತ್ತು. ಆ ರೀಲಿನ ತುಣುಕನ್ನೇ ಇಲ್ಲಿ ಸೇರಿಸಿ, ಡಾಕ್ಟರ್ ಕಾಲದ ಸುಳಿಯಲ್ಲಿ ಸಿಕ್ಕಿಬಿದ್ದ ಎಂದು ಕಥೆ ಕಟ್ಟಿದರು. ಪ್ರಚಾರದ ಫೋಟೊದಲ್ಲಿ ಅವರ ಜಾಗಕ್ಕೆ ಮೇಡಂ ಟುಸ್ಸಾಡ್ಸ್‌ನಿಂದ ತಂದ ಮೇಣದ ಬೊಂಬೆ ನಿಂತಿದೆ! ಫೋಟೊ ತೋರಿಸಿ ‘ಇದರಲ್ಲಿ ವಿಚಿತ್ರವೇನು’ ಎಂದರೆ ಉತ್ತರ ಅದೇ.

ಈಗ ಲೆಕ್ಕ ಹಾಕಿ. ‘ಕಾಣಿಸಿಕೊಂಡ ಮೂಲ ನಟರು’ ಎಂದು ಕೇಳಿದರೆ ತುಣುಕಿನವರೂ ಸೇರಿ 5. ‘ಹೊಸದಾಗಿ ನಟಿಸಿದ’ ಎಂದರೆ 3. ಎಲ್ಲ ಇರುವುದು ಆ ಕ್ರಿಯಾಪದದಲ್ಲಿ. ಹಾಗಾಗಿ ಪ್ರಶ್ನೆ ಓದುವಾಗ ಸಂಖ್ಯೆಗೆ ಮೊದಲು ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ.

ತಾರೀಖಲ್ಲೂ ಒಂದು ಕೊಕ್ಕೆ ಇದೆ. ಬ್ರಿಟನ್ನಿನ ಧಾರಾವಾಹಿಯಾದರೂ ಈ ಸಂಚಿಕೆ ಮೊದಲು ಬಂದದ್ದು ಅಮೆರಿಕದಲ್ಲಿ, ಸರಿಯಾಗಿ ನವೆಂಬರ್ 23ಕ್ಕೆ. ಬಿಬಿಸಿ ತನ್ನ ದೇಣಿಗೆ ಸಂಗ್ರಹದ ಕಾರ್ಯಕ್ರಮದ ರಾತ್ರಿಗೆ ಇಟ್ಟುಕೊಂಡು ನವೆಂಬರ್ 25ಕ್ಕೆ ಹಾಕಿತು.

ಬೇಕರ್ ಕೊನೆಗೂ ಬಂದರು, ಐವತ್ತನೇ ವರ್ಷಕ್ಕೆ, 2013ರ ‘ದಿ ಡೇ ಆಫ್ ದಿ ಡಾಕ್ಟರ್’ನಲ್ಲಿ. ಆಗ ಅವರಿಗೆ 79 ವರ್ಷ. ಅಲ್ಲಿ ಅವರದು ಯಾವ ಪಾತ್ರ ಎಂದು ಕೇಳಿದರೆ ‘ನಾಲ್ಕನೇ ಡಾಕ್ಟರ್’ ಎಂದು ಬರೆಯಬೇಡಿ, ಅಂಕ ಹೋಗುತ್ತದೆ. ಪಾತ್ರದ ಹೆಸರು ಬರೀ ‘ಕ್ಯುರೇಟರ್’, ಚಿತ್ರಶಾಲೆಯನ್ನು ನೋಡಿಕೊಳ್ಳುವ ಮುದುಕ.