ತಂಗಿಯ ನಿಶ್ಚಿತಾರ್ಥಕ್ಕೆ ನಾನು ಬರೆದ ನಾಲ್ಕು ಸಾಲು

ಚಿಕ್ಕಮ್ಮನ ಮಗಳ ನಿಶ್ಚಿತಾರ್ಥದ ಸುದ್ದಿ ನನಗೆ ಮೊದಲು ಗೊತ್ತಾದದ್ದು ಅವಳಿಂದ ಅಲ್ಲ, ದೊಡ್ಡಮ್ಮನಿಂದ. ರಾತ್ರಿ ಫೋನ್ ಮಾಡಿ "ವಿಷಯ ಗೊತ್ತಾಯ್ತಾ?" ಅಂತಲೇ ಮಾತು ಶುರು ಮಾಡಿದರು. ಎರಡು ಮನೆಯವರಷ್ಟೇ ಸೇರಿ ನಿಶ್ಚಿತಾರ್ಥ ಮುಗಿಸಿದ್ದರಂತೆ. ಅವಳು ನನಗಿಂತ ಆರು ವರ್ಷ ಚಿಕ್ಕವಳು. ಚಿಕ್ಕಂದಿನಿಂದ ನನ್ನನ್ನು ಅಕ್ಕ ಅಂತಲೇ ಕರೆದವಳು. ಖುಷಿಯಾಯಿತು. ಅದರ ಜೊತೆಗೇ, ನನಗೊಂದು ಮಾತು ಹೇಳಲಿಲ್ಲವಲ್ಲ ಅಂತ ಸ್ವಲ್ಪ ಬೇಜಾರೂ ಆಯಿತು. ಆ ಬೇಜಾರನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಆಮೇಲೆ ನಾನು ಬರೆದ ಮೆಸೇಜಿನಲ್ಲಿ ಅದು ಮೆಲ್ಲಗೆ ಬಂದು ಕೂತಿತ್ತು.

ಆ ರಾತ್ರಿಯೇ ಅವಳಿಗೆ ಮೆಸೇಜ್ ಮಾಡಲಿಲ್ಲ. ಸುದ್ದಿ ಅವಳದು. ಯಾರಿಗೆ ಯಾವಾಗ ಹೇಳಬೇಕು ಅನ್ನುವುದೂ ಅವಳಿಗೇ ಬಿಟ್ಟದ್ದು. ನಾನು ಮೊದಲೇ ಶುಭಾಶಯ ಹೇಳಿಬಿಟ್ಟರೆ, 'ನನಗೆ ಬೇರೆಯವರಿಂದ ಗೊತ್ತಾಯ್ತು' ಅಂತ ಹೇಳಿದ ಹಾಗೆಯೇ ಆಗುತ್ತದೆ. ಮರುದಿನ ಮಧ್ಯಾಹ್ನ ಅವಳೇ ಮನೆಯವರ ಗ್ರೂಪಿನಲ್ಲಿ ಒಂದು ಫೋಟೋ ಹಾಕಿ ಎರಡು ಸಾಲು ಬರೆದಳು. ಅಲ್ಲಿ ಎಲ್ಲರ ಹಾಗೆ ನಾನೂ "ಇಬ್ಬರಿಗೂ ಅಭಿನಂದನೆಗಳು" ಅಂತ ಹಾಕಿದೆ, ಅಷ್ಟೇ. ಗ್ರೂಪಿನಲ್ಲಿ ಏನೇ ಕೇಳಿದರೂ ಅವಳು ಎಲ್ಲರ ಎದುರಿಗೇ ಉತ್ತರ ಕೊಡಬೇಕಾಗುತ್ತದೆ. ಮನಸ್ಸಿನ ಮಾತನ್ನು ಅವಳಿಗೊಬ್ಬಳಿಗೇ ಬರೆಯೋಣ ಅಂದುಕೊಂಡೆ.

ನಾನು ಇಷ್ಟು ಜಾಗ್ರತೆ ಮಾಡಿದ್ದಕ್ಕೆ ಒಂದು ಹಳೆಯ ಕಾರಣ ಇದೆ. ಮೂರು ವರ್ಷದ ಹಿಂದೆ ಸೋದರತ್ತೆಯ ಮಗನ ನಿಶ್ಚಿತಾರ್ಥ ಆದಾಗ ನಾನು ತಕ್ಷಣ ಫೋನ್ ಮಾಡಿದ್ದೆ. ಹುಡುಗಿ ಏನು ಓದಿದ್ದಾಳೆ, ಹೇಗೆ ಪರಿಚಯ, ಮದುವೆ ಯಾವಾಗ ಅಂತ ಒಂದೇ ಉಸಿರಿಗೆ ಕೇಳಿದೆ. ಅವನು "ನೋಡೋಣ ಅಕ್ಕ, ಆಮೇಲೆ ಹೇಳ್ತೀನಿ" ಅಂದ. ಆಮೇಲೆ ಹೇಳಲೇ ಇಲ್ಲ. ಹುಡುಗಿಯ ತಂದೆಗೆ ಆಗ ತುಂಬಾ ಹುಷಾರಿರಲಿಲ್ಲ, ತಾರೀಖು ಗೊತ್ತುಮಾಡುವ ಸ್ಥಿತಿಯಲ್ಲಿ ಆ ಮನೆಯವರು ಇರಲಿಲ್ಲ ಅನ್ನುವುದು ನನಗೆ ತಿಂಗಳುಗಳ ನಂತರ ತಿಳಿಯಿತು. ನನ್ನ 'ಯಾವಾಗ' ಅನ್ನುವ ಮಾತು ಅವನಿಗೆ ಎಲ್ಲಿ ತಾಗಿತ್ತು ಅಂತ ಆಗ ಅರ್ಥವಾಯಿತು. ಅದಾದ ಮೇಲೆ ಅವನು ನನ್ನ ಹತ್ತಿರ ತನ್ನ ಮನೆಯ ವಿಷಯ ಮಾತಾಡುವುದನ್ನೇ ಕಡಿಮೆ ಮಾಡಿದ. ಅದು ಈಗಲೂ ನನಗೆ ನೋವು ಕೊಡುತ್ತದೆ.

ಹಾಗಾಗಿ ಈ ಸಲ ನೇರವಾಗಿ ಚಾಟ್‌ನಲ್ಲಿ ಟೈಪ್ ಮಾಡದೆ ಮೊದಲು ಒಂದು ಕಾಗದದ ಮೇಲೆ ಬರೆದೆ. ಮೊದಲ ಸಲ ಬರೆದದ್ದು ಹೀಗಿತ್ತು:

"ಅಂತೂ ನಿನ್ನದೂ ಆಯ್ತು! ದೊಡ್ಡಮ್ಮ ಹೇಳಿದ್ರು, ಎಲ್ಲ ತುಂಬಾ ಚೆನ್ನಾಗಿ ಆಯ್ತಂತೆ. ನಮಗೆ ಮಾತ್ರ ಒಂದು ಮಾತೂ ಹೇಳಲಿಲ್ಲ ನೋಡು. ಅವರು ಏನು ಕೆಲಸ ಮಾಡ್ತಾರೆ? ಹೇಗೆ ಪರಿಚಯ? ಮದುವೆ ಯಾವಾಗ? ಜಾಸ್ತಿ ಫೋಟೋ ಇದ್ರೆ ಕಳಿಸು. ತುಂಬಾ ಖುಷಿ ಆಯ್ತು ಕಣೇ."

ಬರೆಯುವಾಗ ಇದು ಪ್ರೀತಿಯಿಂದ ಬಂದ ಮಾತು ಅಂತಲೇ ಅನ್ನಿಸಿತ್ತು. ಹತ್ತು ನಿಮಿಷ ಬಿಟ್ಟು, ಅವಳು ಓದುವ ಹಾಗೆ ಓದಿದೆ. ಮೊದಲ ಪದವೇ ಚುಚ್ಚಿತು. 'ಅಂತೂ' ಅಂದರೆ ಇಷ್ಟು ದಿನ ಕಾದಿದ್ದೆವು ಅಂತ. 'ನಿನ್ನದೂ' ಅಂದರೆ ಉಳಿದವರದ್ದೆಲ್ಲ ಆಗಿ ನಿನ್ನದೊಂದು ಬಾಕಿ ಇತ್ತು ಅಂತ. 'ಕೊನೆಗೂ' ಅನ್ನುವ ಪದವೂ ಇದೇ ಕೆಲಸ ಮಾಡುತ್ತದೆ. ಇನ್ನು 'ಆಯ್ತಂತೆ'. ಆ ಕೊನೆಯ 'ಅಂತೆ' ಇದೆಯಲ್ಲ, ಅವಳ ವಿಷಯ ನಾಲ್ಕು ಮನೆ ಸುತ್ತಿ ನನ್ನ ಹತ್ತಿರ ಬಂದಿದೆ ಅಂತ ಅದೊಂದೇ ಹೇಳಿಬಿಡುತ್ತದೆ. ಅವಳೇ ಗ್ರೂಪಿನಲ್ಲಿ ಹಾಕಿದ ಮೇಲೆ ನನಗೆ 'ಅಂತೆ' ಬೇಕಾಗಿಯೇ ಇರಲಿಲ್ಲ. 'ನಿನ್ನ ಮೆಸೇಜ್ ನೋಡಿದೆ' ಅಂದರೆ ಸುದ್ದಿ ಅವಳಿಂದಲೇ ಬಂದ ಹಾಗಾಯಿತು.

'ಒಂದು ಮಾತೂ ಹೇಳಲಿಲ್ಲ' ಅನ್ನುವುದು ನನ್ನ ಬೇಜಾರು. ತಮಾಷೆ ಅನ್ನುವ ಹಾಗೆ ಬರೆದಿದ್ದರೂ ಅವಳು ಅದಕ್ಕೆ ಸಮಜಾಯಿಷಿ ಕೊಡಬೇಕಾಗುತ್ತಿತ್ತು. ಯಾರನ್ನು ಕರೆಯಬೇಕು ಅನ್ನುವುದನ್ನು ಅವಳೊಬ್ಬಳೇ ತೀರ್ಮಾನ ಮಾಡಿರುವುದೂ ಇಲ್ಲ. ಆ ಸಾಲನ್ನು ಪೂರ್ತಿ ಹೊಡೆದುಹಾಕಿದೆ.

ಪ್ರಶ್ನೆಗಳ ಮುಂದೆ ಸ್ವಲ್ಪ ಹೊತ್ತು ಕೂತೆ. ಮೂರು ಪ್ರಶ್ನೆ, ಒಂದು ಬೇಡಿಕೆ. 'ಏನು ಕೆಲಸ' ಅಂತ ಕೇಳಿದರೆ ಉತ್ತರ ಬರುವ ಮೊದಲೇ ಅಳತೆ ಶುರುವಾಗಿದೆ ಅಂತ ಅನ್ನಿಸುತ್ತದೆ. 'ಹೇಗೆ ಪರಿಚಯ' ಅಂತ ಕೇಳಿದರೆ ಅವರೇ ಮೆಚ್ಚಿಕೊಂಡದ್ದೋ, ಮನೆಯವರು ನೋಡಿದ್ದೋ ಅನ್ನುವುದನ್ನು ಹೇಳಲೇಬೇಕಾಗುತ್ತದೆ. ಅದನ್ನು ಎಲ್ಲರಿಗೂ ಒಂದೇ ರೀತಿ ಹೇಳಲು ಅವಳಿಗೆ ಇಷ್ಟ ಇರದೇ ಇರಬಹುದು. 'ಯಾವಾಗ' ಅನ್ನುವುದರ ಪಾಠವಂತೂ ನನಗೆ ಆಗಿತ್ತು. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಯಾವುದೂ ಕೆಟ್ಟ ಪ್ರಶ್ನೆ ಅಲ್ಲ. ಆದರೆ ಆ ವಾರ ಇವನ್ನೇ ಅವಳಿಗೆ ಇನ್ನೂ ಎಷ್ಟು ಜನ ಕೇಳುತ್ತಿರುತ್ತಾರೆ, ಅಲ್ವಾ? ಶುಭಾಶಯದ ಜೊತೆ ಪ್ರಶ್ನೆ ಬಂದರೆ ಅವಳು ಉತ್ತರ ಕೊಡಬೇಕಾದದ್ದು ಪ್ರಶ್ನೆಗೆ. ಶುಭಾಶಯ ಹಿಂದೆಯೇ ಉಳಿಯುತ್ತದೆ.

ಎಲ್ಲ ತೆಗೆದ ಮೇಲೆ ಉಳಿದದ್ದು 'ತುಂಬಾ ಖುಷಿ ಆಯ್ತು ಕಣೇ' ಒಂದೇ. ಅಷ್ಟನ್ನೇ ಕಳಿಸಿದರೆ ಒಣ ಅನ್ನಿಸುತ್ತದೆ. ತಲೆ ಹಾಕಬಾರದು ಅಂತ ಹೊರಟು ದೂರದವರ ಹಾಗೆ ಮಾತಾಡಿಬಿಡುವುದೂ ಇದೆ, ಅದೂ ನೋವೇ. ಹಾಗಾದರೆ ಪ್ರೀತಿಯನ್ನು ಎಲ್ಲಿಂದ ತರುವುದು? ಅವಳ ಮುಂದಿನ ಬದುಕು ನನಗೆ ಗೊತ್ತಿಲ್ಲ. ಆದರೆ ಅವಳ ಹಿಂದಿನ ದಿನಗಳು ನನಗೆ ಗೊತ್ತು, ಅಲ್ಲಿ ನಾನೂ ಇದ್ದೆ. ಅಲ್ಲಿಂದ ಒಂದು ಚಿಕ್ಕ ನೆನಪು ಹುಡುಕಿದೆ. ಮೊದಲು ಹೊಳೆದದ್ದು, 'ನಾನು ಮದುವೆನೇ ಆಗಲ್ಲ' ಅಂತ ಅವಳು ಚಿಕ್ಕವಳಿದ್ದಾಗ ಹೇಳುತ್ತಿದ್ದದ್ದು. ಅದು ಬೇಡ ಅನ್ನಿಸಿತು. ಆ ಮೆಸೇಜನ್ನು ಅವಳು ಆ ಹುಡುಗನಿಗೂ ತೋರಿಸಬಹುದು. ಅವರಿಬ್ಬರೂ ಒಟ್ಟಿಗೆ ಓದಿದರೂ ಮುಜುಗರ ಆಗದ ನೆನಪು ಬೇಕಿತ್ತು. ಕೊನೆಗೆ ಕಳಿಸಿದ್ದು ಇದು:

"ಪುಟ್ಟಿ, ನಿನ್ನ ಮೆಸೇಜ್ ನೋಡಿ ತುಂಬಾ ಖುಷಿ ಆಯ್ತು ಕಣೇ. ನಿಮ್ಮಿಬ್ಬರಿಗೂ ನನ್ನ ಮನಸಾರೆ ಶುಭಾಶಯ. ಸೈಕಲ್ ಕಲಿತ ದಿನ 'ಅಕ್ಕಾ, ಕೈ ಬಿಡು' ಅಂತ ಕೂಗಿ ನಗ್ತಿದ್ದೆಯಲ್ಲ, ಫೋಟೋದಲ್ಲಿ ಅದೇ ನಗು ಕಾಣಿಸ್ತು. ಈಗ ನಿನಗೆ ಬಿಡುವಿರಲ್ಲ, ಉತ್ತರ ಬರೆಯೋಕೆ ಅವಸರ ಬೇಡ, ಮಾತಾಡಬೇಕು ಅನ್ನಿಸಿದಾಗ ಫೋನ್ ಮಾಡು."

ನಾಲ್ಕೇ ಸಾಲು. ಒಂದೂ ಪ್ರಶ್ನೆ ಇಲ್ಲ. 'ನಿಮ್ಮಿಬ್ಬರಿಗೂ' ಅನ್ನುವುದನ್ನು ಬೇಕೆಂದೇ ಇಟ್ಟೆ. ಅವರ ಬಗ್ಗೆ ಏನೂ ಕೇಳದೆಯೇ ಅವರನ್ನೂ ಸೇರಿಸಿಕೊಂಡ ಹಾಗಾಯಿತು. 'ಭಾವ' ಅಂತಲೋ 'ನಮ್ಮನೆ ಅಳಿಯ' ಅಂತಲೋ ಬರೆಯಲಿಲ್ಲ. ಅವರನ್ನು ಏನಂತ ಕರೆಯಬೇಕು ಅಂತ ಅವಳ ಬಾಯಿಂದಲೇ ಕೇಳೋಣ ಅಂತ. ಕೊನೆಯ ಸಾಲಿನಲ್ಲಿ 'ಫೋನ್ ಮಾಡ್ತೀಯಾ?' ಅಂತ ಮೊದಲು ಬರೆದಿದ್ದೆ. 'ಅನ್ನಿಸಿದಾಗ' ಅಂತ ತಿದ್ದಿದೆ. ಅದಕ್ಕೆ ಅವಳು ಹೂಂ ಅನ್ನಬೇಕಾಗಿಲ್ಲ, ಊಹೂಂ ಅನ್ನಬೇಕಾಗಿಯೂ ಇಲ್ಲ.

ಸಂಜೆ ಉತ್ತರ ಬಂತು. "ಥ್ಯಾಂಕ್ಯೂ ಅಕ್ಕಾ", ಪಕ್ಕದಲ್ಲಿ ಒಂದು ಹೃದಯ. ಅಷ್ಟೇ. ಇನ್ನೊಂದು ಮೆಸೇಜ್ ಮಾಡೋಣ ಅಂತ ಕೈ ತುರಿಸಿದ್ದು ನಿಜ. ಅವಸರ ಬೇಡ ಅಂತ ನಾನೇ ಬರೆದಿದ್ದೆನಲ್ಲ, ಹಾಗಾಗಿ ನಾನೂ ಒಂದು ಹೃದಯ ಹಾಕಿ ಸುಮ್ಮನಾದೆ.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಮೂರನೇ ದಿನ ದೊಡ್ಡಮ್ಮ ಮತ್ತೆ ಫೋನ್ ಮಾಡಿದರು. "ನಿನ್ನ ಹತ್ತಿರ ಅವಳು ಸಲುಗೆಯಿಂದ ಇದ್ದಾಳೆ, ಸ್ವಲ್ಪ ವಿಚಾರಿಸು, ಹುಡುಗನ ಮನೆ ಕಡೆ ಹೇಗೆ ಅಂತ" ಅಂದರು. ದೊಡ್ಡಮ್ಮನಿಗೂ ಇದು ಕಾಳಜಿಯೇ, ನನಗೆ ಅದು ಗೊತ್ತು. ಆದರೆ ಅವರಿಗಾಗಿ ನಾನು ಕೇಳಲು ಶುರು ಮಾಡಿದರೆ, ಅವಳು ನನಗೆ ಹೇಳಿದ್ದೆಲ್ಲ ಇನ್ನೊಬ್ಬರ ಕಿವಿಗೂ ಹೋಗುತ್ತದೆ. ಅದು ಅವಳಿಗೆ ಒಂದು ದಿನ ಗೊತ್ತಾಗಿಯೇ ಆಗುತ್ತದೆ. "ನಾನು ಏನೂ ಕೇಳಿಲ್ಲ ದೊಡ್ಡಮ್ಮ, ಅವಳೇ ನಿಮಗೆ ಫೋನ್ ಮಾಡ್ತಾಳೆ ಬಿಡಿ. ನೀವೇ ಒಂದ್ಸಲ ಆಶೀರ್ವಾದ ಮಾಡಿ ಮಾತಾಡಿದ್ರೆ ಅವಳಿಗೂ ಖುಷಿ ಆಗತ್ತೆ" ಅಂದೆ. ಅವರು ಸ್ವಲ್ಪ ಮುನಿಸಿಕೊಂಡರು. ನಾನು ಮಾತು ಬದಲಿಸಿದೆ.

ಹನ್ನೊಂದನೇ ದಿನ ರಾತ್ರಿ ಅವಳ ಫೋನ್ ಬಂತು. ನಾನು "ಹೇಗಿದ್ದೀಯ?" ಅಂದೆ, "ಏನ್ ಸಮಾಚಾರ?" ಅನ್ನಲಿಲ್ಲ. ಎರಡೂ ಒಂದೇ ಅನ್ನಿಸಬಹುದು. ಆದರೆ ಆ ಹೊತ್ತಿನಲ್ಲಿ 'ಏನ್ ಸಮಾಚಾರ' ಅಂದರೆ ನಿಶ್ಚಿತಾರ್ಥದ ಕಥೆ ಹೇಳು ಅಂತಲೇ ಅರ್ಥ. 'ಹೇಗಿದ್ದೀಯ' ಅಂದರೆ ಅವಳು ಸುಸ್ತಾಗಿದೆ ಅಂತಲೂ ಹೇಳಬಹುದು. ಅವಳು ಹಾಗೆಯೇ ಹೇಳಿದಳು. "ತುಂಬಾ ಸುಸ್ತು ಅಕ್ಕಾ. ದಿನಾ ಅದದೇ ಉತ್ತರ ಹೇಳಿ ಹೇಳಿ ಸಾಕಾಗಿದೆ." ನಾನು ಬರೀ "ಹೂಂ" ಅಂದೆ.

ಆಮೇಲೆ ನಾನು ಪ್ರಶ್ನೆ ಕೇಳಲೇ ಇಲ್ಲ ಅಂತ ಅಲ್ಲ. ಕೇಳಿದೆ. ಅವಳು ಬಾಯಿ ಬಿಟ್ಟು ಹೇಳಿದ್ದರ ಬಗ್ಗೆ ಮಾತ್ರ ಕೇಳಿದೆ, ಅವಳಿಗಿಂತ ಒಂದು ಹೆಜ್ಜೆ ಹಿಂದೆಯೇ ನಡೆದೆ. "ಅವರೂ ನನ್ನ ಹಾಗೆ ಜಾಸ್ತಿ ಮಾತಾಡೋದಿಲ್ಲ" ಅಂದಳು. "ಹೌದಾ, ಹಾಗಾದ್ರೆ ಇಬ್ಬರೂ ಸುಮ್ನೆ ಕೂತ್ಕೋತೀರಾ?" ಅಂದೆ. ಅವಳು ನಕ್ಕು, ಮೊದಲ ಸಲ ಭೇಟಿಯಾದ ಕಥೆಯನ್ನು ತಾನಾಗಿಯೇ ಹೇಳಿದಳು. ಮುಂದೆ ಎಲ್ಲಿರುತ್ತಾರೆ ಅನ್ನುವ ಮಾತು ಬಂದಾಗ "ಅದಿನ್ನೂ ಗೊತ್ತಿಲ್ಲ" ಅಂದು ಒಂದು ಕ್ಷಣ ಸುಮ್ಮನಾದಳು. ಅಲ್ಲಿಯವರೆಗೆ ಉದ್ದುದ್ದ ಮಾತಾಡುತ್ತಿದ್ದವಳ ಉತ್ತರ ಇದ್ದಕ್ಕಿದ್ದ ಹಾಗೆ ಎರಡು ಪದಕ್ಕೆ ಇಳಿದಿತ್ತು. ಅಲ್ಲಿಗೆ ಬಿಟ್ಟುಬಿಟ್ಟೆ. "ಆಗಲಿ ಬಿಡು, ನಿಧಾನಕ್ಕೆ ಗೊತ್ತಾಗತ್ತೆ" ಅಂದು, ಆ ಸೈಕಲ್ಲಿನ ಮಾತು ತೆಗೆದೆ. ತಾನು ಬಿದ್ದು ಮೊಣಕಾಲು ತರಚಿಕೊಂಡದ್ದನ್ನು ಅವಳು ನೆನಪು ಮಾಡಿಕೊಂಡಳು.

ಫೋನ್ ಇಡುವ ಮೊದಲು ಅವಳೇ, "ಅಕ್ಕಾ, ನಿನ್ನ ಮೆಸೇಜ್ ಅವರಿಗೂ ತೋರಿಸಿದೆ. ಒಂದು ದಿನ ಅವರ ಹತ್ತಿರ ಮಾತಾಡ್ತೀಯಾ?" ಅಂತ ಕೇಳಿದಳು. "ಖಂಡಿತ ಕಣೇ. ಅವರನ್ನ ಏನಂತ ಕರೀಲಿ, ಹೇಳು" ಅಂದೆ. ಅವಳು ಮೆಲ್ಲಗೆ ಅವರ ಹೆಸರು ಹೇಳಿದಳು.