ಮೆಸ್ ಗಂಟೆ ನೋಡಿ ಹಾಕಿದ ಟೈಮ್‌ಟೇಬಲ್

ಎರಡನೇ ಪಿಯುಸಿ ಓದುವಾಗ ನಾನಿದ್ದದ್ದು ಧಾರವಾಡದ ಒಂದು ಹಾಸ್ಟೆಲ್‌ನಲ್ಲಿ. ಒಂದು ರೂಮಿಗೆ ನಾಲ್ಕು ಮಂಚ, ಒಂದೇ ಟ್ಯೂಬ್‌ಲೈಟ್. ಹಾಸ್ಟೆಲ್ ಸೇರಿದ ವಾರವೇ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೆ. ಬೆಳಿಗ್ಗೆ 4ರಿಂದ 7 ಗಣಿತ, ರಾತ್ರಿ 8ರಿಂದ 11 ಫಿಸಿಕ್ಸ್. ಮನೆಯಲ್ಲಿ ಹಾಗೇ ಓದುತ್ತಿದ್ದೆ.

ಹನ್ನೊಂದು ದಿನ ಹೇಗೋ ನಡೆಯಿತು. ಹನ್ನೆರಡನೇ ದಿನ ಫಿಸಿಕ್ಸ್ ಕ್ಲಾಸಿನಲ್ಲಿ ಬೆಂಚಿನ ಮೇಲೆಯೇ ನಿದ್ದೆ ಹೋದೆ. ಅದಕ್ಕೂ ಮೊದಲೇ ಗೊತ್ತಾಗಬೇಕಿತ್ತು. ಬೆಳಿಗ್ಗೆ ಬಿಡಿಸಿದ ಲೆಕ್ಕವನ್ನು ಸಂಜೆ ನೋಡಿದರೆ ನಾನೇ ಬರೆದದ್ದು ನನಗೇ ಅರ್ಥವಾಗುತ್ತಿರಲಿಲ್ಲ.

ಆಮೇಲೆ ಟೈಮ್‌ಟೇಬಲ್ ಕಿತ್ತು ಹಾಕಿ, ಒಂದು ವಾರ ಬರೀ ನಡೆದದ್ದನ್ನು ಬರೆದಿಟ್ಟೆ. ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಲೈಟ್ ಎಷ್ಟಕ್ಕೆ ಆರಿತು, ಯಾರು ಯಾವಾಗ ಎದ್ದರು, ಮೆಸ್ಸಿನಲ್ಲಿ ಎಷ್ಟು ಹೊತ್ತು ನಿಂತೆ, ಇಷ್ಟೇ. ಆಗ ಗೊತ್ತಾಯಿತು: ನಾನು 10ಕ್ಕೇ ಮಲಗಿದರೂ ನಿದ್ದೆ ಬರುತ್ತಿದ್ದದ್ದು ಹನ್ನೆರಡೂವರೆಗೆ. ಬೀಳಗಿಯ ಹುಡುಗ ರಾತ್ರಿ ಒಂದರವರೆಗೆ ಓದುವವನು. ಹಾವೇರಿಯವನು ನಾಲ್ಕೂವರೆಗೆ ಅಲಾರಾಂ ಇಟ್ಟು, ಮೂರು ಸಲ ಆರಿಸಿ, ಐದಕ್ಕೆ ಏಳುತ್ತಿದ್ದ. ಅಥಣಿಯವನಿಗೆ ಕಣ್ಣಿಗೆ ಬೆಳಕು ಬಿದ್ದರೆ ನಿದ್ದೆಯೇ ಇಲ್ಲ. ಇಂಥ ರೂಮಿನಲ್ಲಿ ನಾಲ್ಕಕ್ಕೆ ಎದ್ದರೆ ನನಗೆ ಸಿಗುತ್ತಿದ್ದದ್ದು ಮೂರೂವರೆ ತಾಸಿನ ನಿದ್ದೆ.

ಮೆಸ್ ಲೆಕ್ಕವೂ ಕಣ್ಣು ತೆರೆಸಿತು. ರಾತ್ರಿ ಊಟ ಏಳೂವರೆಯಿಂದ 9. ಎಲ್ಲರೂ ಎಂಟಕ್ಕೆ ಹೋಗುತ್ತಾರೆ, ನಾನೂ ಹೋಗುತ್ತಿದ್ದೆ. ಪಾಳಿ, ಊಟ, ತಾಟು ತೊಳೆಯೋದು, ಹರಟೆ ಸೇರಿ ಒಂದು ತಾಸು. ಏಳೂವರೆಗೆ ಗಂಟೆ ಹೊಡೆದ ಕೂಡಲೇ ಹೋದರೆ ಇಪ್ಪತ್ತೈದು ನಿಮಿಷ ಸಾಕು. ಕೊನೆಗೆ ಹೋದರೂ ಪಾಳಿ ಇರೋದಿಲ್ಲ, ಆದರೆ ಪಲ್ಯ ಮುಗಿದಿರುತ್ತದೆ, ತಿಳಿಸಾರು ಅನ್ನವೇ ಗತಿ. ಅರ್ಧ ಹೊಟ್ಟೆಯಲ್ಲಿ ಓದು ಹತ್ತೋದಿಲ್ಲ. ಹಾಗಾಗಿ ಗಂಟೆ ಹೊಡೆದಾಗಲೇ ಹೋಗೋದು ಅಂತ ಗಟ್ಟಿ ಮಾಡಿಕೊಂಡೆ.

ಇದರಲ್ಲಿ ಇನ್ನೊಂದು ಲಾಭ ಸಿಕ್ಕಿತು. ನಾನು ಎಂಟಕ್ಕೆ ವಾಪಸ್ ಬಂದಾಗ ಉಳಿದ ಮೂವರು ಮೆಸ್ಸಿನಲ್ಲಿರುತ್ತಿದ್ದರು. ಎಂಟರಿಂದ ಒಂಬತ್ತು, ಇಡೀ ದಿನದಲ್ಲಿ ರೂಮು ನಿಶ್ಶಬ್ದವಾಗಿರೋದು ಅದೊಂದೇ ತಾಸು. ಗಣಿತವನ್ನು ಅಲ್ಲಿಗೆ ಹಾಕಿದೆ. ಒಂಬತ್ತಕ್ಕೆ ಎಲ್ಲರೂ ಬಂದ ಮೇಲೆ ಗದ್ದಲ ಇದ್ದೇ ಇರುತ್ತದೆ. ಆಗ ಕೆಮಿಸ್ಟ್ರಿ ಸಮೀಕರಣ ಬರೆದು ಬರೆದು ತೆಗೆಯೋದು, ಬಯಾಲಜಿ ಚಿತ್ರ ಬಿಡಿಸೋದು. ಕೈ ಓಡುತ್ತಿದ್ದರೆ ಮಾತು ಕಿವಿಗೆ ಅಷ್ಟು ತಾಗೋದಿಲ್ಲ. ಫಿಸಿಕ್ಸ್ ಡೆರಿವೇಶನ್ ಮಾತ್ರ ಆ ಹೊತ್ತಿಗೆ ಎಂದೂ ಆಗಲಿಲ್ಲ. ನಡುವೆ ಒಂದು ಹೆಜ್ಜೆ ತಪ್ಪಿದರೆ ಮತ್ತೆ ಮೊದಲಿಂದ ಶುರು.

ಲೈಟಿನ ವಿಷಯ ಮಾತಾಡಲೇಬೇಕಿತ್ತು. ರಾತ್ರಿ ಹೊತ್ತು ಅದನ್ನು ಎತ್ತಿದರೆ ಜಗಳ ಆಗುತ್ತದೆ ಅಂತ ಕಾದೆ. ಭಾನುವಾರ ಊಟ ಆದ ಮೇಲೆ ಆ ಕೊನೆ ಪುಟ ತೋರಿಸಿದೆ. ಬೀಳಗಿಯವನು ನೋಡಿ, "ಅಲ್ಲಲೇ, ನನ್ನ ಸಲುವಾಗಿ ಇಷ್ಟ್ ದಿನ ಮಕ್ಕೊಂಡಿಲ್ಲೇನ್ ನೀನು? ಹೇಳ್ಬಾರದೇನ್ಲೇ!" ಅಂದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹತ್ತೂವರೆಗೆ ಟ್ಯೂಬ್‌ಲೈಟ್ ಆಫ್ ಅಂತ ತೀರ್ಮಾನವಾಯಿತು. ಅವನು ಟೇಬಲ್ ಲ್ಯಾಂಪ್ ಗೋಡೆ ಕಡೆ ತಿರುಗಿಸಿ, ಮಂಚದ ಕಡೆಗೆ ರಟ್ಟು ನಿಲ್ಲಿಸಿದ. ಆದರೂ ಅಥಣಿಯವನ ಮುಖಕ್ಕೆ ಬೆಳಕು ಬೀಳುತ್ತಿತ್ತು. ಕೊನೆಗೆ ಇಬ್ಬರೂ ಮಂಚ ಬದಲಿಸಿಕೊಂಡರು. ಹಾವೇರಿಯವನು ಫೋನ್ ವೈಬ್ರೇಶನ್‌ಗೆ ಹಾಕಿ ದಿಂಬಿನ ಕೆಳಗೆ ಇಟ್ಟ. ಎದ್ದ ಮೇಲೆ ಪುಸ್ತಕ ಹಿಡಿದು ಮೆಸ್ ಹಾಲ್‌ಗೆ ಹೋಗುತ್ತಿದ್ದ. ಆ ಹೊತ್ತಿಗೆ ಅಲ್ಲಿ ಅಡುಗೆಯವರು ಬಿಟ್ಟರೆ ಯಾರೂ ಇರೋದಿಲ್ಲ.

ನಾನು ಹತ್ತೂವರೆಗೆ ಮಲಗಿ ಐದೂವರೆಗೆ ಏಳತೊಡಗಿದೆ. ಎದ್ದ ತಕ್ಷಣ ಸ್ನಾನ. ಸೋಲಾರ್ ಬಿಸಿನೀರು ಆರೂವರೆಗೆ ಮುಗಿಯುತ್ತಿತ್ತು, ಪಾಳಿಯೂ ಆಮೇಲೆಯೇ ಜಾಸ್ತಿ. ಆರರಿಂದ ಏಳೂವರೆ ಟೆರೇಸ್ ಮೇಲೆ ಫಿಸಿಕ್ಸ್, ಮಳೆ ಬಂದರೆ ಮೆಸ್ ಹಾಲ್. ರಾತ್ರಿಯ ಎರಡೂವರೆ ತಾಸು ಸೇರಿದರೆ ದಿನಕ್ಕೆ ನಾಲ್ಕು ತಾಸು. ಗೋಡೆಗೆ ಅಂಟಿಸಿದ್ದರಲ್ಲಿ ಆರು ತಾಸಿತ್ತು, ನಿಜವಾಗಿ ಓದಿದ್ದು ಎರಡು ತಾಸೂ ಇರಲಿಲ್ಲ.

ಭಾನುವಾರ ಈ ಲೆಕ್ಕ ನಡೆಯುತ್ತಿರಲಿಲ್ಲ. ಅವತ್ತು ಬಟ್ಟೆ ಒಗೆಯೋದು, ಸಿಹಿ ಊಟ, ಮನೆಯವರ ಭೇಟಿ. ಆ ದಿನ ಹಳೇ ಪ್ರಶ್ನೆಪತ್ರಿಕೆ ಒಂದು ಬಿಡಿಸಿದರೆ ಸಾಕು ಅಂತ ಬಿಟ್ಟೆ. ಪ್ರಿಪರೇಟರಿ ಪರೀಕ್ಷೆಗೆ ಮೊದಲು ರಜೆ ಬಿಟ್ಟಾಗ ಮತ್ತೆ ಎಲ್ಲ ಬದಲಾಯಿತು. ಹಗಲೆಲ್ಲ ನಾಲ್ವರೂ ರೂಮಿನಲ್ಲೇ. ನೋಟ್‌ಬುಕ್ಕಿನ ಕೊನೆ ಪುಟ ತೆಗೆದು, ಮೂರು ದಿನ ಹೊಸದಾಗಿ ಬರೆಯೋಕೆ ಕೂತೆ. ಈ ಸಲ ಬರೆದವರು ನಾಲ್ವರೂ.